ಎಕ್ಸ್‌ಪೈರಿ ಮಾಲಿನ ಮೂರು ಕಾಲಂ

ಮೆಡಿಕಲ್ ಸ್ಟೋರ್ ಹೊಸದಾಗಿ ತೆರೆದವರಿಗೆ ಮೊದಲ ವರ್ಷ ಎಕ್ಸ್‌ಪೈರಿಯ ಬಿಸಿ ತಟ್ಟುವುದಿಲ್ಲ. ಮಾಲೆಲ್ಲ ಹೊಸದು, ಕಪಾಟು ಹೊಸದು, ಡಿಸ್ಟ್ರಿಬ್ಯೂಟರ್ ಕಡೆಯ ಸೇಲ್ಸ್‌ಮನ್ ಕೂಡ ನಗುನಗುತ್ತಲೇ ಬರುತ್ತಾನೆ. ಎರಡನೆಯ ವರ್ಷಕ್ಕೆ ಕಾಲಿಟ್ಟ ಮೇಲೆ ಕೌಂಟರಿನ ಕೆಳಗೆ ಒಂದು ರಟ್ಟಿನ ಡಬ್ಬ ಹುಟ್ಟಿಕೊಳ್ಳುತ್ತದೆ. ಅವಧಿ ಮುಗಿದ ಸ್ಟ್ರಿಪ್, ಸಿರಪ್ಪು, ಮುಲಾಮು ಎಲ್ಲ ಅದಕ್ಕೆ ಬೀಳುತ್ತವೆ. ‘ಮುಂದಿನ ಸಲ ಬಂದಾಗ ಕೊಟ್ಟುಬಿಡೋಣ’ ಎಂದುಕೊಳ್ಳುತ್ತೀರಿ. ಆ ಡಬ್ಬದಲ್ಲಿರುವುದು ನಿಮ್ಮ ದುಡ್ಡು. ಅದು ವಾಪಸ್ ಬರಬೇಕಾದರೆ ಯಾವ ಯಾವ ಮೆಟ್ಟಿಲು ದಾಟಬೇಕು ಎಂಬುದನ್ನು ಒಂದೇ ಒಂದು ಔಷಧದ ಲೆಕ್ಕ ಹಿಡಿದು ನೋಡೋಣ.

ಮೊದಲು ನಷ್ಟದ ಅಳತೆ ತಿಳಿಯಲಿ. ಎಂಆರ್‌ಪಿ 105 ರೂಪಾಯಿ ಇರುವ ಹತ್ತು ಮಾತ್ರೆಯ ಒಂದು ಸ್ಟ್ರಿಪ್ ಎಂದಿಟ್ಟುಕೊಳ್ಳಿ. ಡಿಸ್ಟ್ರಿಬ್ಯೂಟರ್ ನಿಮಗೆ ಅದನ್ನು 80 ರೂಪಾಯಿಗೆ ಕೊಡುತ್ತಾರೆ, ಮೇಲೆ ಶೇ. 5 ಜಿಎಸ್‌ಟಿ ಸೇರಿ 84. ಮಾರಿದರೆ ಉಳಿಯುವುದು ಇಪ್ಪತ್ತು ರೂಪಾಯಿಯ ಆಸುಪಾಸು. ಅಂದರೆ ಒಂದು ಸ್ಟ್ರಿಪ್ ಹಾಳಾಗಿ ಅದರ ಹಣ ಬಾರದೆ ಹೋದರೆ, ಅದೇ ಔಷಧದ ನಾಲ್ಕು ಸ್ಟ್ರಿಪ್ ಮಾರಿದ ಲಾಭ ಅದಕ್ಕೇ ಸರಿಹೋಯಿತು. ಗಿರಾಕಿಗೆ ಡಿಸ್ಕೌಂಟ್ ಕೊಡುವ ಅಂಗಡಿಯಾದರೆ ಐದಾರು ಸ್ಟ್ರಿಪ್ ಬೇಕಾದೀತು.

ಇನ್ನು ನಮ್ಮ ಉದಾಹರಣೆ. ತಿಪಟೂರಿನಂಥ ಊರಿನ ಒಂದು ಅಂಗಡಿ, ಮಾಲು ತುಮಕೂರಿನಿಂದ ಬರುತ್ತದೆ. 2025ರ ನವೆಂಬರ್ 12ರಂದು ಸೇಲ್ಸ್‌ಮನ್ ಈ ಔಷಧಕ್ಕೆ ‘ಒಂಬತ್ತಕ್ಕೆ ಒಂದು ಫ್ರೀ’ ಎಂಬ ಸ್ಕೀಮ್ ಹೇಳುತ್ತಾನೆ. ನೀವು ಹದಿನೆಂಟಕ್ಕೆ ಬಿಲ್ ಮಾಡಿಸಿ ಇಪ್ಪತ್ತು ಸ್ಟ್ರಿಪ್ ತೆಗೆದುಕೊಂಡಿರಿ. ಹದಿನೆಂಟು ಎಂಬತ್ತಲೆ 1,440, ಜಿಎಸ್‌ಟಿ 72, ಒಟ್ಟು 1,512 ರೂಪಾಯಿ. ಸ್ಟ್ರಿಪ್ ಮೇಲೆ ಮುದ್ರಿತ ಎಕ್ಸ್‌ಪೈರಿ 2026ರ ಮೇ. ಆರೂವರೆ ತಿಂಗಳಷ್ಟೇ ಬಾಕಿ. ಹೊಸಬರು ಇಲ್ಲಿ ಒಂದು ಕ್ಷಣ ನಿಲ್ಲಬೇಕು, ಏಕೆಂದರೆ ಎಕ್ಸ್‌ಪೈರಿ ಹತ್ತಿರವಾದ ಮಾಲನ್ನು ಖಾಲಿ ಮಾಡಲೂ ಸ್ಕೀಮ್ ಬರುವುದುಂಟು. ಮಾಲು ಇಳಿಸಿಕೊಳ್ಳುವಾಗ ಎಣಿಕೆಯ ಜೊತೆಗೆ ಎಕ್ಸ್‌ಪೈರಿಯನ್ನೂ ನೋಡಿ, ನಿಮ್ಮ ಮಾರಾಟದ ಓಟಕ್ಕೆ ಅದು ಹೊಂದದಿದ್ದರೆ ಅಲ್ಲೇ, ಆ ಹುಡುಗನ ಕೈಯಲ್ಲೇ ವಾಪಸ್ ಕಳಿಸುವುದು ಎಲ್ಲಕ್ಕಿಂತ ಅಗ್ಗದ ದಾರಿ. ಆ ದಿನ ಕಳಿಸಿದರೆ ಅದು ಬರೀ ಬಿಲ್ ತಿದ್ದುಪಡಿ, ಆರು ತಿಂಗಳಾದ ಮೇಲೆ ಅದೇ ಕ್ಲೇಮ್ ಆಗುತ್ತದೆ.

ನಾವು ಇಟ್ಟುಕೊಂಡೆವು ಎನ್ನೋಣ. ಬಿಲ್ಲನ್ನು ಕಂಪ್ಯೂಟರಿಗೆ ಏರಿಸುವಾಗ ಬ್ಯಾಚ್ ನಂಬರ್ ಮತ್ತು ಎಕ್ಸ್‌ಪೈರಿಯನ್ನು ಸ್ಟ್ರಿಪ್ ನೋಡಿಕೊಂಡೇ ಏರಿಸಬೇಕು. ಬಿಲ್ಲಿನಲ್ಲಿ ಒಂದು ಬ್ಯಾಚ್, ಡಬ್ಬದಲ್ಲಿ ಇನ್ನೊಂದು ಬರುವುದು ಅಪರೂಪವೇನಲ್ಲ. ಆ ದಿನ ಇದು ಸಣ್ಣ ವಿಷಯ. ವಾಪಸ್ ಮಾಡುವ ದಿನ ಡಿಸ್ಟ್ರಿಬ್ಯೂಟರ್ ಮೊದಲು ಕೇಳುವ ಪ್ರಶ್ನೆಯೇ ‘ಈ ಬ್ಯಾಚ್ ನಾವು ನಿಮಗೆ ಕೊಟ್ಟಿದ್ದೇವಾ?’ ಎಂದು. ತಾವು ಮಾರಿದ ಬ್ಯಾಚನ್ನಷ್ಟೇ ಅವರು ತೆಗೆದುಕೊಳ್ಳುವುದು, ಏಕೆಂದರೆ ಅವರೂ ಅದನ್ನು ಕಂಪನಿಗೆ ಕಳಿಸಿ ಕ್ಲೇಮ್ ಮಾಡಬೇಕು. ಒಂದೇ ಔಷಧವನ್ನು ಇಬ್ಬರು ಮೂವರು ಡಿಸ್ಟ್ರಿಬ್ಯೂಟರ್‌ಗಳಿಂದ ತರುವ ಅಂಗಡಿಗಳಲ್ಲಿ ಇದು ದೊಡ್ಡ ಗೋಜಲು. ಒಬ್ಬರ ಮಾಲು ಇನ್ನೊಬ್ಬರ ಚೀಲಕ್ಕೆ ಹೋಗಿ, ಅಲ್ಲಿಂದ ‘ನಮ್ಮದಲ್ಲ’ ಎಂದು ತಿರುಗಿ ಬರುವಷ್ಟರಲ್ಲಿ ಅಸಲಿ ಡಿಸ್ಟ್ರಿಬ್ಯೂಟರ್ ಕೊಟ್ಟ ಗಡುವು ಮುಗಿದಿರುತ್ತದೆ.

ಗಡುವು ಎಂದೆನಲ್ಲ, ಅದು ಎಲ್ಲರಿಗೂ ಒಂದೇ ಅಲ್ಲ. ಎಕ್ಸ್‌ಪೈರಿಗೆ ಎಷ್ಟು ತಿಂಗಳು ಮೊದಲಿನಿಂದ, ಎಷ್ಟು ತಿಂಗಳು ಕಳೆದ ಮೇಲಿನವರೆಗೆ ವಾಪಸ್ ತೆಗೆದುಕೊಳ್ಳುತ್ತಾರೆ ಎಂಬುದು ಕಂಪನಿಯಿಂದ ಕಂಪನಿಗೆ, ಡಿಸ್ಟ್ರಿಬ್ಯೂಟರ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಬೇರೆ. ಕತ್ತರಿಸಿದ ಸ್ಟ್ರಿಪ್ ಕೆಲವರು ತೆಗೆದುಕೊಳ್ಳುತ್ತಾರೆ, ಕೆಲವರು ಮುಟ್ಟುವುದಿಲ್ಲ. ಯಾವ ದರ ಹಾಕುತ್ತಾರೆ ಎಂಬುದೂ ಹಾಗೇ. ಪ್ರತಿ ಡಿಸ್ಟ್ರಿಬ್ಯೂಟರ್ ಹತ್ತಿರ ಖಾತೆ ತೆರೆಯುವ ದಿನವೇ ಇವನ್ನು ಕೇಳಿ, ಒಂದು ಹಾಳೆಯಲ್ಲಿ ಬರೆದು ಬಿಲ್ ಫೈಲಿನ ಮೊದಲ ಪುಟಕ್ಕೆ ಅಂಟಿಸಿಬಿಡಿ. ಸೇಲ್ಸ್‌ಮನ್ ಬದಲಾಗುತ್ತಾನೆ, ಅವನು ಬಾಯಲ್ಲಿ ಹೇಳಿದ ಮಾತು ಅವನ ಜೊತೆಗೇ ಹೋಗುತ್ತದೆ. ಸಾಧ್ಯವಾದರೆ ವಾಟ್ಸಾಪಿನಲ್ಲಿ ಕೇಳಿ, ಉತ್ತರ ಅಲ್ಲೇ ಉಳಿಯಲಿ.

ನಮ್ಮ ಉದಾಹರಣೆಯ ಡಿಸ್ಟ್ರಿಬ್ಯೂಟರ್ ಎಕ್ಸ್‌ಪೈರಿಗೆ ಮೂರು ತಿಂಗಳು ಮೊದಲಿನಿಂದ ಮೂರು ತಿಂಗಳು ನಂತರದವರೆಗೆ ತೆಗೆದುಕೊಳ್ಳುತ್ತಾರೆ, ಪೂರ್ತಿ ಸ್ಟ್ರಿಪ್ ಮಾತ್ರ, ಎನ್ನೋಣ. 2026ರ ಮಾರ್ಚ್ ಮೊದಲ ವಾರ ನೀವು ‘ಮೇ ಎಕ್ಸ್‌ಪೈರಿ’ ಪಟ್ಟಿ ತೆಗೆಯುತ್ತೀರಿ. ಬಿಲ್ಲಿಂಗ್ ಸಾಫ್ಟ್‌ವೇರ್ ಇದ್ದರೆ ಅದೇ ಪಟ್ಟಿ ಕೊಡುತ್ತದೆ. ಇಲ್ಲದಿದ್ದರೆ ತಿಂಗಳಿಗೊಂದು ಪುಟ ಇರುವ ನೋಟ್‌ಬುಕ್ ಸಾಕು: ಮಾಲು ಬಂದ ದಿನವೇ ಅದರ ಎಕ್ಸ್‌ಪೈರಿ ತಿಂಗಳ ಪುಟದಲ್ಲಿ ಔಷಧದ ಹೆಸರು, ಬ್ಯಾಚ್, ಡಿಸ್ಟ್ರಿಬ್ಯೂಟರ್ ಬರೆದಿಟ್ಟರಾಯಿತು. ಸಾಫ್ಟ್‌ವೇರ್ ಇದ್ದವರು ಕೂಡ ಪಟ್ಟಿ ಹಿಡಿದು ಕಪಾಟಿನ ಮುಂದೆ ನಿಲ್ಲಲೇಬೇಕು. ಕಂಪ್ಯೂಟರಿನಲ್ಲಿ ಆರು ಸ್ಟ್ರಿಪ್, ಕಪಾಟಿನಲ್ಲಿ ಒಂಬತ್ತು ಕಂಡರೆ ಬಿಲ್ ಹಾಕುವ ಹುಡುಗ ಬೇರೆ ಬ್ಯಾಚ್ ಒತ್ತಿದ್ದಾನೆ ಎಂದರ್ಥ.

ಸಿಕ್ಕ ಸ್ಟ್ರಿಪ್‌ಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಸಾಲಿನ ಮುಂದಕ್ಕೆ ತನ್ನಿ, ಮಾರಾಟವಾಗುವಷ್ಟು ಆಗಲಿ. ಮೇ ಎಂದು ಮುದ್ರಿಸಿದ್ದರೆ ಮೇ 31ರವರೆಗೆ ಬಳಸಬಹುದು ಎಂದೇ ಔಷಧ ನಿಯಮದ ಅರ್ಥ. ಆದರೆ ಮೇ 25ರಂದು ತಿಂಗಳಿಡೀ ನುಂಗಬೇಕಾದ ಮಾತ್ರೆಯಾಗಿ ಅದನ್ನು ಕೊಡಬಾರದು. ಗಿರಾಕಿಯ ಮನೆಯಲ್ಲಿ ಅವಧಿ ಮುಗಿಯುವ ಮಾಲು ಕೊಟ್ಟು ಉಳಿಸಿಕೊಳ್ಳುವ ಹಣ ನನಗೆ ಹಣವಾಗಿ ಕಾಣುವುದಿಲ್ಲ.

ಕತ್ತರಿಸುವ ರೀತಿಯನ್ನು ಅಂಗಡಿಯ ಹುಡುಗರಿಗೆ ಮೊದಲ ದಿನವೇ ಕಲಿಸಿ. ಬ್ಯಾಚ್ ಮತ್ತು ಎಕ್ಸ್‌ಪೈರಿ ಮುದ್ರಿಸಿರುವ ತುದಿ ಕೊನೆಯ ಮಾತ್ರೆಯವರೆಗೂ ಅಂಗಡಿಯಲ್ಲೇ ಉಳಿಯಬೇಕು, ಕತ್ತರಿ ಬೀಳಬೇಕಾದ್ದು ಎದುರಿನ ತುದಿಗೆ. ಆ ತುದಿ ಮೊದಲೇ ಹೋದರೆ ಉಳಿದ ಮಾತ್ರೆಗಳನ್ನು ಯಾವ ಡಿಸ್ಟ್ರಿಬ್ಯೂಟರೂ ತೆಗೆದುಕೊಳ್ಳುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅವುಗಳ ಅವಧಿ ಎಂದು ಮುಗಿಯುತ್ತದೆ ಎಂಬುದು ನಿಮಗೂ ಗೊತ್ತಾಗುವುದಿಲ್ಲ.

ಮೇ ಮುಗಿಯಿತು. ಹದಿನಾಲ್ಕು ಸ್ಟ್ರಿಪ್ಪೂ ಬಿಡಿಯಾಗಿ ಆರು ಮಾತ್ರೆಯೂ ಮಾರಿವೆ. ಉಳಿದಿದ್ದು ಐದು ಪೂರ್ತಿ ಸ್ಟ್ರಿಪ್, ನಾಲ್ಕು ಮಾತ್ರೆಯ ಒಂದು ತುಂಡು. ಜೂನ್ 1ರ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಇವು ಮಾರಾಟದ ಕಪಾಟಿನಿಂದ ಕೆಳಗಿಳಿಯಬೇಕು. ಔಷಧ ನಿಯಮ 65ರಲ್ಲಿ ಇದಕ್ಕೆ ಸ್ಪಷ್ಟ ಮಾತಿದೆ: ಅವಧಿ ಮುಗಿದ ಔಷಧವನ್ನು ಮಾರುವಂತಿಲ್ಲ, ದಾಸ್ತಾನು ಇಡುವಂತೆಯೂ ಇಲ್ಲ. ಒಂದೇ ವಿನಾಯಿತಿ, ತಯಾರಕರಿಗೆ ವಾಪಸ್ ಮಾಡಲು ಅಥವಾ ಹಣ ಪಡೆಯಲು ಕ್ರಮ ಕೈಗೊಂಡಿದ್ದರೆ ಅಲ್ಲಿಯವರೆಗೆ ಇಟ್ಟುಕೊಳ್ಳಬಹುದು. ಆದರೆ ಮಾರಾಟದ ಮಾಲಿನಿಂದ ಬೇರೆಯಾಗಿ, ಪೆಟ್ಟಿಗೆಯೊಳಗೆ, ಮೇಲೆ ಎದ್ದು ಕಾಣುವಂತೆ ‘ನಾಟ್ ಫಾರ್ ಸೇಲ್’ ಎಂದು ಬರೆದು. ಕೌಂಟರಿನ ಕೆಳಗಿನ ಹೆಸರಿಲ್ಲದ ಡಬ್ಬ ಈ ನಿಯಮಕ್ಕೆ ಸಾಲದು. ಡ್ರಗ್ಸ್ ಇನ್‌ಸ್ಪೆಕ್ಟರ್ ಬಂದಾಗ ಪೆಟ್ಟಿಗೆಯ ಜೊತೆಗೆ ಕ್ಲೇಮ್ ಪಟ್ಟಿಯ ಪ್ರತಿಯನ್ನೂ ತೋರಿಸಿದರೆ ‘ಕ್ರಮ ಕೈಗೊಂಡಿದ್ದೇನೆ’ ಎಂಬ ನಿಮ್ಮ ಮಾತಿಗೆ ಕಾಗದದ ಬಲ ಸಿಗುತ್ತದೆ. ಹಣ ತರುವ ಪಟ್ಟಿಯೇ ಲೈಸೆನ್ಸನ್ನೂ ಕಾಯುತ್ತದೆ.

ಆ ಪಟ್ಟಿ ಬರೆಯುವಾಗ ದರದ ಕಡೆ ಗಮನ ಕೊಡಿ. ಹೊಸಬರು ಸ್ಟ್ರಿಪ್ ಮೇಲಿರುವ ಎಂಆರ್‌ಪಿ ಹಾಕಿ ಐದಕ್ಕೆ 525 ಎಂದು ಬರೆಯುತ್ತಾರೆ. ಅದು ಸಿಗುವ ಹಣವಲ್ಲ, ನೀವು ಗಳಿಸದ ಲಾಭವನ್ನು ಯಾರೂ ಕೊಡುವುದಿಲ್ಲ. ಇನ್ನು ಕೆಲವರು ಬಿಲ್ಲಿನ ದರ ಹಾಕಿ ಐದೆಂಟ್ಲಿ ನಲವತ್ತು, 400 ಎನ್ನುತ್ತಾರೆ. ಆದರೆ ಇಪ್ಪತ್ತರಲ್ಲಿ ಎರಡು ಫ್ರೀ ಬಂದಿದ್ದವು. 1,440ನ್ನು ಇಪ್ಪತ್ತಕ್ಕೆ ಹಂಚಿದರೆ ಒಂದು ಸ್ಟ್ರಿಪ್ ನಿಮಗೆ ಬಿದ್ದದ್ದು 72 ರೂಪಾಯಿಗೆ. ಐದಕ್ಕೆ 360, ಅದರ ಜಿಎಸ್‌ಟಿ 18, ಒಟ್ಟು 378. ಡಿಸ್ಟ್ರಿಬ್ಯೂಟರ್ ಕೂಡ ತಮ್ಮ ಬಿಲ್ ತೆಗೆದು ನೋಡಿ ಇಷ್ಟಕ್ಕೇ ಬರುವ ಸಂಭವ ಹೆಚ್ಚು. ಮೊದಲೇ ಸರಿಯಾದ ಮೊತ್ತ ಬರೆದರೆ, ಮುಂದೆ ಅವರು ಕಡಿಮೆ ಕೊಟ್ಟಾಗ ಅದು ಸ್ಕೀಮ್ ಲೆಕ್ಕವೋ ಬೇರೆ ಕಡಿತವೋ ಎಂದು ಗೊತ್ತಾಗುತ್ತದೆ. 525 ಬರೆದವರಿಗೆ 378 ಬಂದರೂ 300 ಬಂದರೂ ಎರಡೂ ಒಂದೇ ಥರ ಕಡಿಮೆಯಾಗಿ ಕಾಣುತ್ತವೆ.

ಪಟ್ಟಿಯಲ್ಲಿ ಔಷಧದ ಹೆಸರು, ಬ್ಯಾಚ್, ಎಕ್ಸ್‌ಪೈರಿ, ಎಣಿಕೆ, ದರ ಇವುಗಳ ಜೊತೆಗೆ ಮೂಲ ಬಿಲ್ಲಿನ ನಂಬರ್ ಮತ್ತು ತಾರೀಕು ಇರಲೇಬೇಕು. ತೆರಿಗೆಯ ಲೆಕ್ಕ ನಿಲ್ಲುವುದು ಆ ತಾರೀಕಿನ ಮೇಲೆ. 2025ರ ಸೆಪ್ಟೆಂಬರ್ 22ರಂದು ಬಹುಪಾಲು ಔಷಧಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ಅದಕ್ಕೆ ಮೊದಲು ಶೇ. 12ರಲ್ಲಿ ಕೊಂಡ ಮಾಲಿಗೆ ಆ ಬಿಲ್ಲಿನ ಮೇಲೆ ಕ್ರೆಡಿಟ್ ನೋಟ್ ಬಂದರೆ ಅದರಲ್ಲಿರಬೇಕಾದ್ದು ಶೇ. 12. ಬಿಲ್ ನಂಬರ್ ಇಲ್ಲದ ಪಟ್ಟಿಗೆ ಇದನ್ನು ಸಾಧಿಸಿ ತೋರಿಸಲು ಆಗುವುದಿಲ್ಲ.

ಈಗ ಮಾಲು ಕೊಡುವ ದಿನ. ಪಟ್ಟಿಯ ಎರಡು ಪ್ರತಿ, ಜೊತೆಗೆ ಡೆಲಿವರಿ ಚಲನ್. ಪ್ಯಾಕ್ ಮಾಡುವ ಮೊದಲು ಬ್ಯಾಚ್ ಕಾಣುವಂತೆ ಒಂದು ಫೋಟೊ. ತೆಗೆದುಕೊಂಡು ಹೋಗುವವನು ಎಣಿಸಿ, ನಿಮ್ಮ ಪ್ರತಿಯ ಮೇಲೆ ಹೆಸರು, ತಾರೀಕು ಬರೆದು ಸಹಿ ಹಾಕಬೇಕು. ‘ಅಣ್ಣ, ಗಾಡಿ ಹೊರಟಿದೆ, ನಾಳೆ ಸಹಿ ಮಾಡಿಸಿ ತಂದುಕೊಡ್ತೀನಿ’ ಎಂದರೆ ‘ಚೀಲಾನೂ ನಾಳೆನೇ ತಗೊಂಡು ಹೋಗಪ್ಪ’ ಎನ್ನಿ. ಎಕ್ಸ್‌ಪೈರಿ ಹಣ ಕಳೆದುಹೋಗುವುದರಲ್ಲಿ ಬಹುಪಾಲು ಈ ಜಾಗದಲ್ಲೇ: ಮಾಲು ಹೋಗಿದೆ, ಹೋಗಿದ್ದಕ್ಕೆ ಗುರುತಿಲ್ಲ.

ನಾಲ್ಕು ಮಾತ್ರೆಯ ತುಂಡನ್ನು ಈ ಡಿಸ್ಟ್ರಿಬ್ಯೂಟರ್ ತೆಗೆದುಕೊಳ್ಳುವುದಿಲ್ಲ. 28 ರೂಪಾಯಿ 80 ಪೈಸೆ ನಿಮ್ಮ ನಷ್ಟ. ಅದನ್ನು ನಷ್ಟ ಎಂದೇ ಬರೆದುಕೊಳ್ಳಿ. ಅದರ ಮೇಲೆ ಪಡೆದಿದ್ದ 1 ರೂಪಾಯಿ 44 ಪೈಸೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನೂ ವಾಪಸ್ ಕಟ್ಟಬೇಕು, ಏಕೆಂದರೆ ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿಗೆ ಜಿಎಸ್‌ಟಿ ಕಾನೂನಿನಲ್ಲಿ ಆ ಕ್ರೆಡಿಟ್ ಇಲ್ಲ. ಒಂದು ತುಂಡಿಗೆ ಇದು ಚಿಲ್ಲರೆ, ವರ್ಷದ ಡಬ್ಬಕ್ಕೆ ಚಿಲ್ಲರೆಯಲ್ಲ. ಇಂಥ ಮಾಲನ್ನು ಬೀದಿಯ ಕಸದ ತೊಟ್ಟಿಗೆ ಮಾತ್ರ ಹಾಕಬೇಡಿ, ಆಯ್ದು ಮತ್ತೆ ಮಾರುವವರಿದ್ದಾರೆ. ಪಟ್ಟಿ ಮಾಡಿ, ಸ್ಟ್ರಿಪ್ ಮತ್ತು ಲೇಬಲ್ ಕೆಡಿಸಿ, ಆಸ್ಪತ್ರೆ ತ್ಯಾಜ್ಯ ಸುಡುವ ಘಟಕದವರಿಗೆ ಕೊಟ್ಟು ರಸೀದಿ ಇಟ್ಟುಕೊಳ್ಳಿ.

ಮಾಲು ಹೋದ ಮೇಲೆ ತಾಳ್ಮೆ ಬೇಕು. ಡಿಸ್ಟ್ರಿಬ್ಯೂಟರ್ ಹತ್ತಾರು ಅಂಗಡಿಯದ್ದನ್ನು ಕೂಡಿಸಿ, ಕಂಪನಿವಾರು ಬೇರೆ ಮಾಡಿ ಕಳಿಸುತ್ತಾರೆ. ಕಂಪನಿಯವರು ಎಣಿಸಿ, ಒಪ್ಪಿ ಅವರಿಗೆ ಕ್ರೆಡಿಟ್ ಕೊಡುತ್ತಾರೆ. ಆಮೇಲೆ ನಿಮ್ಮದು. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ನಮ್ಮ ಉದಾಹರಣೆಯಲ್ಲಿ ಜೂನ್‌ನಲ್ಲಿ ಕೊಟ್ಟ ಮಾಲಿಗೆ ಸೆಪ್ಟೆಂಬರ್‌ನಲ್ಲಿ ಕ್ರೆಡಿಟ್ ನೋಟ್ ಬಂತು ಎನ್ನೋಣ.

ಕ್ರೆಡಿಟ್ ನೋಟಿನಲ್ಲಿ ಎರಡು ಬಗೆ. ತೆರಿಗೆ ಸೇರಿದ ನೋಟಾದರೆ ನಿಮ್ಮ ಬಾಕಿಯಲ್ಲಿ 378 ಕಳೆಯುತ್ತದೆ, ಕೊಳ್ಳುವಾಗ ಪಡೆದಿದ್ದ 18 ರೂಪಾಯಿ ಇನ್‌ಪುಟ್ ಕ್ರೆಡಿಟ್ಟನ್ನು ನೀವು ವಾಪಸ್ ಮಾಡಬೇಕು. ಕೈಗೆ ನಿಲ್ಲುವುದು 360. ತೆರಿಗೆ ಇಲ್ಲದ ಬರೀ ಹಣಕಾಸಿನ ನೋಟಾದರೆ ಕಳೆಯುವುದೇ 360. ಯಾವ ಬಗೆ ಎಂಬುದನ್ನು ಒಂದು ತಾರೀಕು ತೀರ್ಮಾನಿಸುತ್ತದೆ. ಮಾಲು ಮಾರಿದ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರವರೆಗೆ ಮಾತ್ರ ಮಾರಿದವರು ತೆರಿಗೆ ತಗ್ಗಿಸುವ ಕ್ರೆಡಿಟ್ ನೋಟ್ ಕೊಡಬಹುದು (ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಸಿದ್ದರೆ ಆ ದಿನದವರೆಗೆ). ನಮ್ಮ ಮಾಲು 2025ರ ನವೆಂಬರ್‌ನದು, ವರ್ಷ 2025-26, ಗಡುವು 2026ರ ನವೆಂಬರ್ 30. ಹಾಗಾಗಿ ಸೆಪ್ಟೆಂಬರಿನ ನೋಟಿಗೆ ತೊಂದರೆಯಿಲ್ಲ. ಅದೇ ಮಾಲನ್ನು 2025ರ ಮಾರ್ಚ್‌ನಲ್ಲಿ ಕೊಂಡಿದ್ದರೆ ಗಡುವು 2025ರ ನವೆಂಬರ್ 30, ಅವಧಿ ಮುಗಿಯುವ ಮೊದಲೇ ಕಳೆದುಹೋಗಿರುತ್ತಿತ್ತು. ಎರಡು ಮೂರು ವರ್ಷ ಆಯುಸ್ಸಿನ ಔಷಧಗಳಿಗೆ ಬಹುಮಟ್ಟಿಗೆ ಆಗುವುದು ಹೀಗೇ.

ಈ ಹದಿನೆಂಟು ರೂಪಾಯಿ ಮಾಮೂಲಿ ಜಿಎಸ್‌ಟಿ ಇರುವ ಅಂಗಡಿಗೆ ಒಂದು ಕೈಯಲ್ಲಿ ಬಂದು ಇನ್ನೊಂದು ಕೈಯಲ್ಲಿ ಹೋಗುವ ಹಣ. ಕಾಂಪೊಸಿಷನ್‌ನಲ್ಲಿರುವ ಸಣ್ಣ ಅಂಗಡಿಗೆ ಹಾಗಲ್ಲ. ಅವರಿಗೆ ಇನ್‌ಪುಟ್ ಕ್ರೆಡಿಟ್ಟೇ ಇಲ್ಲ, ಕೊಟ್ಟ ತೆರಿಗೆ ಪೂರ್ತಿ ತಮ್ಮ ಕೈಯಿಂದಲೇ. ಅವರು ನವೆಂಬರ್ 30ರ ಗಡುವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು.

ಕೆಲವು ಡಿಸ್ಟ್ರಿಬ್ಯೂಟರ್‌ಗಳು ‘ನೀವೇ ನಮಗೆ ಬಿಲ್ ಮಾಡಿ ಕಳಿಸಿ’ ಎನ್ನುತ್ತಾರೆ. ಅದೂ ಸರಿಯೇ. 2018ರ ಅಕ್ಟೋಬರ್ 26ರ ಜಿಎಸ್‌ಟಿ ಸುತ್ತೋಲೆಯೊಂದು ಅವಧಿ ಮುಗಿದ ಔಷಧಕ್ಕೆ ಎರಡೂ ದಾರಿ ಒಪ್ಪಿದೆ: ಹೊಸ ಮಾರಾಟದಂತೆ ಬಿಲ್ ಮಾಡಿ ಕಳಿಸುವುದು ಒಂದು, ಚಲನ್ ಮೇಲೆ ಕಳಿಸಿ ಕ್ರೆಡಿಟ್ ನೋಟ್ ಪಡೆಯುವುದು ಇನ್ನೊಂದು. ಬಿಲ್ ಮಾಡಿದರೆ ಆ ತೆರಿಗೆ ನಿಮ್ಮ ರಿಟರ್ನ್‌ನಲ್ಲಿ ಮಾರಾಟದ ತೆರಿಗೆಯಾಗಿ ಬರುತ್ತದೆ. ಒಂದೇ ಮಾಲಿಗೆ ಎರಡೂ ಆಗದಂತೆ ನೋಡಿಕೊಂಡರೆ ಸಾಕು.

ಇಷ್ಟೆಲ್ಲ ಆದರೂ ಹಣ ಬಂದಂತಲ್ಲ. ಕ್ರೆಡಿಟ್ ನೋಟ್ ಬರೀ ಕಾಗದ, ಅದು ಒಂದು ಬಿಲ್ಲಿನಲ್ಲಿ ಕಳೆದಾಗ ಮಾತ್ರ ಹಣ. ಈ ಕೊನೆಯ ಹೆಜ್ಜೆಯನ್ನು ಮರೆಯುವವರು ಬಹಳ. ಅದಕ್ಕೇ ನಾನು ಹೊಸಬರಿಗೆಲ್ಲ ಹೇಳುವುದು, ಎಕ್ಸ್‌ಪೈರಿ ಪುಸ್ತಕದಲ್ಲಿ ಮೂರು ಕಾಲಂ ಇರಲಿ: ಕೊಟ್ಟಿದ್ದು, ಒಪ್ಪಿದ್ದು, ಕಳೆದಿದ್ದು. ನಮ್ಮ ಐದು ಸ್ಟ್ರಿಪ್‌ಗೆ ಮೊದಲ ಕಾಲಂನಲ್ಲಿ ಜೂನ್ ತಾರೀಕು, ಚಲನ್ ನಂಬರ್, 378. ಎರಡನೆಯದರಲ್ಲಿ ಸೆಪ್ಟೆಂಬರ್ ತಾರೀಕು, ಕ್ರೆಡಿಟ್ ನೋಟ್ ನಂಬರ್, ಒಪ್ಪಿದ ಮೊತ್ತ. ಮೂರನೆಯದರಲ್ಲಿ ಯಾವ ಬಿಲ್ಲಿನ ಪಾವತಿಯಲ್ಲಿ ಕಳೆಯಿತು ಎಂಬ ನಂಬರ್. ಮೂರೂ ತುಂಬಿದ ಸಾಲಿಗೆ ಗೆರೆ ಎಳೆಯಿರಿ, ಗೆರೆ ಬೀಳದ ಸಾಲುಗಳ ಮೊತ್ತವೇ ನಿಮಗೆ ಬರಬೇಕಾದ ಬಾಕಿ.

ಎಲ್ಲಿ ತಪ್ಪುತ್ತಿದೆ ಎಂಬುದನ್ನೂ ಈ ಕಾಲಂಗಳೇ ತೋರಿಸುತ್ತವೆ. ಮೊದಲನೆಯದು ತುಂಬಿ ಎರಡನೆಯದು ನಾಲ್ಕೈದು ತಿಂಗಳು ಖಾಲಿಯಿದ್ದರೆ ಮಾಲು ಡಿಸ್ಟ್ರಿಬ್ಯೂಟರ್ ಗೋಡೌನಿನಲ್ಲೇ ಬಿದ್ದಿರಬಹುದು, ಚಲನ್ ಫೋಟೊ ಕಳಿಸಿ ವಿಚಾರಿಸಿ. ಎರಡನೆಯದರ ಮೊತ್ತ ಕಡಿಮೆಯಿದ್ದರೆ ಯಾವ ಸಾಲನ್ನು ತೆಗೆದುಹಾಕಿದ್ದಾರೆ ಎಂದು ಕೇಳಿ. ಮೂರನೆಯದು ಖಾಲಿಯಿದ್ದು ಸೇಲ್ಸ್‌ಮನ್ ‘ಅಡ್ಜಸ್ಟ್ ಆಗಿದೆ ಸಾರ್’ ಎಂದರೆ ಲೆಡ್ಜರ್ ಕಳಿಸಲು ಹೇಳಿ. ಮೂರು ತಿಂಗಳಿಗೊಮ್ಮೆ ಡಿಸ್ಟ್ರಿಬ್ಯೂಟರ್‌ನ ಲೆಡ್ಜರನ್ನು ನಿಮ್ಮ ಪುಸ್ತಕದ ಪಕ್ಕ ಇಟ್ಟು ಸಾಲು ಸಾಲಾಗಿ ನೋಡಿದರೆ ಇಂಥ ಮಾತುಗಳು ತಾವಾಗಿ ಕಡಿಮೆಯಾಗುತ್ತವೆ. ತೆರಿಗೆ ಸೇರಿದ ನೋಟುಗಳಾದರೆ ಜಿಎಸ್‌ಟಿ ಪೋರ್ಟಲ್‌ನ ಜಿಎಸ್‌ಟಿಆರ್-2ಬಿಯಲ್ಲೂ ಕಾಣಬೇಕು. ಅಲ್ಲಿ ಬಂದು ನಿಮ್ಮ ಪುಸ್ತಕದಲ್ಲಿ ಇಲ್ಲವೆಂದರೆ ಅದರ ತೆರಿಗೆ ನಿಮ್ಮಿಂದ ಹೋಗುತ್ತದೆ, ಹಣ ಮಾತ್ರ ಬಂದಿರುವುದಿಲ್ಲ.

ಬಾಕಿ ಇದೆ ಎಂದು ನಿಮ್ಮಷ್ಟಕ್ಕೆ ನೀವೇ ಪಾವತಿಯಲ್ಲಿ ಮುರಿದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಅವರ ಲೆಡ್ಜರಿನಲ್ಲಿ ಅದು ನೀವು ಕಟ್ಟದ ಬಾಕಿಯಾಗಿ ನಿಂತು, ಬೇಕಾದ ದಿನ ಮಾಲು ನಿಲ್ಲುತ್ತದೆ. ಮುಂದಿನ ಪಾವತಿಗೆ ವಾರ ಮೊದಲು, ಕ್ರೆಡಿಟ್ ನೋಟ್ ನಂಬರ್ ಬರೆದು ‘ಇದನ್ನು ಈ ಬಿಲ್ಲಿನಲ್ಲಿ ಕಳೆದು ಉಳಿದದ್ದು ಕಟ್ಟುತ್ತೇನೆ’ ಎಂದು ಒಂದು ಸಂದೇಶ ಕಳಿಸಿದರೆ ಬಹುತೇಕ ಅಲ್ಲಿಗೆ ಮುಗಿಯುತ್ತದೆ. ಈ ಬಿಲ್, ಚಲನ್, ನೋಟ್‌ಗಳನ್ನೆಲ್ಲ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕೆಂದು ಜಿಎಸ್‌ಟಿ ಕಾನೂನು ಹೇಳುತ್ತದೆ.

ವಾಪಸ್ಸೇ ಇಲ್ಲದ ಮಾಲೂ ಇದೆ. ನೆಟ್ ರೇಟಿನಲ್ಲಿ ಬರುವ ಹಲವು ಜೆನೆರಿಕ್‌ಗಳಿಗೆ ಎಕ್ಸ್‌ಪೈರಿ ತೆಗೆದುಕೊಳ್ಳುವುದಿಲ್ಲ ಎಂದು ಮೊದಲೇ ಹೇಳಿರುತ್ತಾರೆ. ಅವುಗಳಲ್ಲಿ ಕಾಣುವ ದೊಡ್ಡ ಮಾರ್ಜಿನ್‌ನಲ್ಲಿ ಒಂದು ಭಾಗ ಈ ಅಪಾಯಕ್ಕೆ ಕೊಟ್ಟ ಬೆಲೆ. ಅಂಥವನ್ನು ತಿಂಗಳ ಮಾರಾಟಕ್ಕೆ ಬೇಕಾದಷ್ಟೇ ತರಿಸಿ.

ಮತ್ತೆ ನಮ್ಮ ಸ್ಕೀಮಿಗೆ ಬರೋಣ. ಆ ಆರೂವರೆ ತಿಂಗಳಲ್ಲಿ ನಿಮ್ಮ ಅಂಗಡಿಯಲ್ಲಿ ಮಾರಿದ್ದು ಹದಿನೈದು ಸ್ಟ್ರಿಪ್‌ಗೂ ತುಸು ಕಡಿಮೆ. ಸ್ಕೀಮ್ ಬಿಟ್ಟು ಹದಿನೈದೇ ಕೊಂಡಿದ್ದರೆ ತೆರಿಗೆ ಬಿಟ್ಟು 1,200 ರೂಪಾಯಿ. ಸ್ಕೀಮಿನಲ್ಲಿ ಕೊಟ್ಟದ್ದು 1,440. ಕ್ರೆಡಿಟ್ ನೋಟಿನ 360 ಬಿಲ್ಲಿನಲ್ಲಿ ಕಳೆದರೆ ಖರ್ಚು 1,080ಕ್ಕೆ ಇಳಿದು 120 ರೂಪಾಯಿ ಉಳಿಯಿತು. ಅದು ಕಳೆಯದೇ ಹೋದರೆ 240 ರೂಪಾಯಿ ಹೆಚ್ಚು ತೆತ್ತಂತಾಯಿತು. ಮುಂದಿನ ಸಲ ಸೇಲ್ಸ್‌ಮನ್ ಸ್ಕೀಮ್ ಹೇಳುವಾಗ ಆ ಡಿಸ್ಟ್ರಿಬ್ಯೂಟರ್‌ನ ಪುಟ ತೆಗೆದು ಮೂರನೆಯ ಕಾಲಂ ಎಷ್ಟು ತುಂಬಿದೆ ನೋಡಿ, ಆಮೇಲೆ ಹದಿನೆಂಟೋ ಹದಿನೈದೋ ಹೇಳಿ.